ಸ್ಕ್ಯಾನ್ ಮಾಡಿ, ಏಣಿ ನೀವೇ ತನ್ನಿ

ಬಳ್ಳಾರಿಯಲ್ಲಿ ಈಗ ಯಾರೂ ವೆಬ್‌ಸೈಟ್ ಶುರು ಮಾಡುವುದಿಲ್ಲ, ಲೋಕಾರ್ಪಣೆ ಮಾಡುತ್ತಾರೆ. ಕೌಲ್ ಬಜಾರಿನ ನಮ್ಮ ಜೀನ್ಸ್ ಸಾಹುಕಾರರ ಸೈಟ್ ಲೋಕಾರ್ಪಣೆ ಮೊನ್ನೆ ಭರ್ಜರಿಯಾಗಿ ಆಯಿತು. ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿದರು, ಸೇವಂತಿಗೆ ಹಾರ ಹಾಕಿದರು, ಕಾಯಿ ಒಡೆದರು, ಒಂದಿಷ್ಟು ಎಳನೀರು ಕೀಬೋರ್ಡಿಗೂ ತೀರ್ಥವಾಗಿ ಹೋಯಿತು. ಮುಖ್ಯ ಅತಿಥಿಗಳು ಬಟನ್ ಒತ್ತಿದರು. ಪರದೆ ಮೇಲೆ ಏನೂ ಬರಲಿಲ್ಲ. ವೈಫೈ ಪಾಸ್‌ವರ್ಡ್ ಗೊತ್ತಿದ್ದ ಹುಡುಗ ಮಿರ್ಚಿ ತರಲು ಹೋಗಿದ್ದ. ಚಪ್ಪಾಳೆ ಮಾತ್ರ ಟೈಮಿಗೆ ಸರಿಯಾಗಿ ಬಿತ್ತು.

ಸೈಟ್ ಕೆಟ್ಟದ್ದೇನಲ್ಲ. ಹೋಲ್‌ಸೇಲ್ ರೇಟು, ಸೈಜು, ಕನಿಷ್ಠ ಎಷ್ಟು ಪೀಸ್ ತಗೊಳ್ಳಬೇಕು, ಎಲ್ಲ ಇದೆ. ಆದರೆ ಹೊಸ ಸೈಟನ್ನು ಗೂಗಲ್ ಮೊದಲ ದಿನವೇ ಎಲ್ಲರ ಮುಂದೆ ತಂದು ನಿಲ್ಲಿಸುವುದಿಲ್ಲ. ಮೊದಲ ಮಂದಿಯನ್ನು ನಾವೇ ಕರೆಯಬೇಕು. ಸಾಹುಕಾರರು ಕರೆದರು. ಹೇಗೆ ಕರೆದರು ಅನ್ನುವುದೇ ಕಥೆ.

ಮೊದಲು ವಾಟ್ಸಾಪ್. ಮನೆತನದ ಗ್ರೂಪ್, ಓಣಿಯ ಗ್ರೂಪ್, ಹತ್ತನೇ ಕ್ಲಾಸಿನ ಗ್ರೂಪ್, ವಾಕಿಂಗ್ ಗ್ರೂಪ್, ಒಂದನ್ನೂ ಬಿಡದೆ ಕ್ಯೂಆರ್ ಕೋಡ್‌ನ ಫೋಟೋ ಕಳಿಸಿದರು. ಕೆಳಗೆ ‘ಎಲ್ಲರೂ ತಪ್ಪದೇ ಸ್ಕ್ಯಾನ್ ಮಾಡಿ’ ಅಂತ ಬರೆದಿದ್ದರು. ಸ್ವಲ್ಪ ಯೋಚನೆ ಮಾಡಿ. ಫೋಟೋ ಬಂದಿರೋದು ಫೋನಿನಲ್ಲಿ, ಸ್ಕ್ಯಾನ್ ಮಾಡಬೇಕಾಗಿರೋದೂ ಅದೇ ಫೋನಿನಲ್ಲಿ. ಫೋಟೋ ಉಳಿಸಿಕೊಂಡು ಗೂಗಲ್ ಲೆನ್ಸಿಗೆ ಕೊಟ್ಟರೆ ಓದುತ್ತದೆ, ನಿಜ, ಆದರೆ ಜೀನ್ಸ್ ರೇಟು ನೋಡುವುದಕ್ಕೆ ಅಷ್ಟು ಕಷ್ಟಪಡುವವರು ಸೀದಾ ಕೌಲ್ ಬಜಾರಿಗೇ ಬರುತ್ತಾರೆ. ಸುಮ್ನೆ ಲಿಂಕ್ ಟೈಪ್ ಮಾಡಿದ್ದರೆ ಒಂದು ಬೆರಳು ಸಾಕಿತ್ತು. ಸಾಹುಕಾರರ ಮಾವ ಒಬ್ಬರು ಹಠ ಬಿಡದೆ ಹೆಂಡತಿಯ ಫೋನಿಂದ ತಮ್ಮ ಫೋನನ್ನು ಸ್ಕ್ಯಾನ್ ಮಾಡಿದರಂತೆ. ಉಳಿದವರೆಲ್ಲ ಕೈ ಮುಗಿದರು. ಹತ್ತನೇ ಕ್ಲಾಸಿನ ಗೆಳೆಯ ‘ಹುಟ್ಟುಹಬ್ಬದ ಶುಭಾಶಯಗಳು’ ಅಂದ, ಅವನ ಕೆಳಗೆ ಇನ್ನೂ ಹತ್ತು ಜನ ಅದನ್ನೇ ಅಂದರು. ಗ್ರೂಪ್‌ಗಳಲ್ಲಿ ಅಭಿನಂದನೆ ಹೇಳುವುದಕ್ಕೆ ವಿಷಯ ಏನು ಅಂತ ಗೊತ್ತಿರಬೇಕಾಗಿಲ್ಲ, ಅಲ್ವಾ?

ಯಾರೋ ಹೇಳಿದ ಮೇಲೆ ಲಿಂಕ್ ಕಳಿಸಿದರು. ಲಿಂಕ್ ಹಾಕಿದರೆ ವಾಟ್ಸಾಪ್ ಆ ಪುಟದ ತಲೆಬರಹವನ್ನು ಎತ್ತಿಕೊಂಡು ಮೇಲೆ ಒಂದು ಸಣ್ಣ ಡಬ್ಬಿಯಲ್ಲಿ ತೋರಿಸುತ್ತದೆ. ಸೈಟ್ ಮಾಡಿಕೊಟ್ಟ ಹುಡುಗ ಆ ತಲೆಬರಹವನ್ನು ಮುಟ್ಟಿಯೇ ಇರಲಿಲ್ಲ. ಹೀಗಿತ್ತು:

```
<title>Home</title>
```

ಅಂಗಡಿ ಹೆಸರಿಲ್ಲ, ಜೀನ್ಸ್ ಅನ್ನೋ ಮಾತಿಲ್ಲ. ದಪ್ಪ ಅಕ್ಷರದಲ್ಲಿ Home, ಅಷ್ಟೇ. ಓಣಿಯ ಗ್ರೂಪಿನಲ್ಲಿ ತಕ್ಷಣ ಉತ್ತರ ಬಂತು: ‘ಎಲ್ಲಿ ಬರುತ್ತೆ ಸಾರ್, ಬಾಡಿಗೆನಾ, ಲೀಸಾ?’ ಇಡೀ ಪ್ರಚಾರದಲ್ಲಿ ಯಾರಾದರೂ ನಿಜವಾದ ಆಸಕ್ತಿ ತೋರಿಸಿದ್ದು ಅದೊಂದೇ ಸಲ.

ಆಮೇಲೆ ಫ್ಲೆಕ್ಸ್. ಅದಿಲ್ಲದೆ ನಮ್ಮೂರಲ್ಲಿ ಏನು ತಾನೇ ಆಗುತ್ತದೆ? ರಾಯಲ್ ಸರ್ಕಲ್ ಹತ್ತಿರ ದೊಡ್ಡದೊಂದು ಏರಿತು. ಮಧ್ಯದಲ್ಲಿ ಮುಖ್ಯ ಅತಿಥಿಗಳು, ಪಕ್ಕದಲ್ಲಿ ಸಾಹುಕಾರರು, ಕೆಳಗೆ ಶುಭ ಕೋರುವವರ ಸಾಲು, ಎಲ್ಲರೂ ಕೂಲಿಂಗ್ ಗ್ಲಾಸ್ ಹಾಕಿಕೊಂಡು ದೂರದ ಗಣಿ ಕಡೆ ನೋಡುತ್ತಿದ್ದಾರೆ. ಕೋಡ್ ಎಲ್ಲಿದೆ ಅಂತ ಹುಡುಕಿದೆ. ಬಲಗಡೆ ಮೂಲೆಯಲ್ಲಿ, ಒಬ್ಬರ ಮೀಸೆಯ ಪಕ್ಕದಲ್ಲಿ ಸಿಕ್ಕಿತು. ಮೂರು ಇಂಚು. ಮೀಸೆಯೇ ದೊಡ್ಡದಿತ್ತು.

ಇಲ್ಲಿ ಒಂದು ಸಣ್ಣ ಲೆಕ್ಕ ಇದೆ. ಎಷ್ಟು ದೂರದಿಂದ ಸ್ಕ್ಯಾನ್ ಮಾಡಬೇಕೋ ಅದರ ಹತ್ತನೇ ಒಂದು ಭಾಗದಷ್ಟು ಕೋಡ್ ಅಗಲ ಇರಬೇಕು ಅನ್ನುವುದು ಸಾಮಾನ್ಯ ಅಂದಾಜು. ರಸ್ತೆಯಿಂದ ಆ ಮೂಲೆಗೆ 25 ಅಡಿ ಅಂತಿಟ್ಟುಕೊಂಡರೆ ಕೋಡ್ ಎರಡೂವರೆ ಅಡಿ ಅಗಲ ಬೇಕು. ಮೂರು ಇಂಚಿನದನ್ನು ಓದಿಸಬೇಕೆಂದರೆ ಎರಡೂವರೆ ಅಡಿ ಹತ್ತಿರ ಹೋಗಬೇಕು, ಅಂದರೆ ಏಣಿ ಹಾಕಿ, ಕರೆಂಟ್ ತಂತಿ ತಪ್ಪಿಸಿಕೊಂಡು, ಅತಿಥಿಗಳ ಭುಜದ ಮೇಲೆ ಕಾಲಿಟ್ಟು. ಅತಿಥಿಗಳ ಮುಖ ಸಣ್ಣದು ಮಾಡಿದ್ದರೆ ಜಾಗ ಸಿಗುತ್ತಿತ್ತು. ಹಾಗಂತ ಹೇಳುವ ಧೈರ್ಯ ಯಾರಿಗಿದೆ?

ಮೂರನೆಯದು ವಿಸಿಟಿಂಗ್ ಕಾರ್ಡ್. ಇದು ಕೈಯಲ್ಲೇ ಇರುತ್ತದೆ, ಏಣಿ ಬೇಕಾಗಿಲ್ಲ. ಎರಡು ಸಾವಿರ ಹೊಡೆಸಿದರು. ಕೆಂಪು ಹಿನ್ನೆಲೆ, ಅದರ ಮೇಲೆ ಚಿನ್ನದ ಬಣ್ಣದ ಕೋಡ್. ನೋಡಲು ಮದುವೆ ಕಾರ್ಡಿನ ಹಾಗಿದೆ. ಕ್ಯೂಆರ್ ಕೋಡನ್ನು ಜಪಾನಿನ ಡೆನ್ಸೊ ವೇವ್ ಕಂಪನಿಯವರು 1994ರಲ್ಲಿ ಕಾರಿನ ಬಿಡಿಭಾಗಗಳ ಲೆಕ್ಕ ಇಡುವುದಕ್ಕೆ ತಂದರು. ಕಾರ್ಖಾನೆ ಅಂದ ಮೇಲೆ ಎಣ್ಣೆ, ಮಸಿ ಇದ್ದದ್ದೇ. ಅದಕ್ಕೇ ಸ್ವಲ್ಪ ಹಾಳಾದರೂ ಓದುವ ಹಾಗೆ ಮಾಡಿದರು. ಅತಿ ಗಟ್ಟಿ ಮಟ್ಟದಲ್ಲಿ ಮಾಡಿದ ಕೋಡು ಸುಮಾರು 30 ಪರ್ಸೆಂಟ್ ಹಾಳಾದರೂ ಬದುಕುತ್ತದೆ. ಜಪಾನಿನವರು ಎಣ್ಣೆಗೆ ರೆಡಿಯಾಗಿದ್ದರು, ನಮ್ಮ ಡಿಸೈನರಿಗೆ ರೆಡಿಯಾಗಿರಲಿಲ್ಲ. ಸುತ್ತ ಬಿಡಬೇಕಾದ ಖಾಲಿ ಅಂಚಿನಲ್ಲಿ ಅವನು ಬಳ್ಳಿ ಬಿಡಿಸಿದ. ಮೂರು ಮೂಲೆಯ ದೊಡ್ಡ ಚೌಕ ನೋಡಿಯೇ ಕ್ಯಾಮೆರಾ ಕೋಡನ್ನು ಗುರುತು ಹಿಡಿಯುವುದು. ಒಂದು ಚೌಕದ ಮೇಲೆ ಗಣಪತಿಯನ್ನು ಕೂರಿಸಿದ. ವಿಘ್ನ ನಿವಾರಿಸಬೇಕಾದವನೇ ಅಡ್ಡ ಕೂತ ಮೇಲೆ ಯಾರಿಗೆ ಹೇಳೋಣ.

ಬೈದ ಮೇಲೆ ಮತ್ತೆ ಹೊಡೆಸಿದರು, ಬಿಳಿ ಮೇಲೆ ಕಪ್ಪು. ಸೈಟ್ ಟಕ್ಕನೆ ತೆರೆಯಿತು. ಸಾಹುಕಾರರು ಹಿಗ್ಗಿ ಬಸ್ ಸ್ಟ್ಯಾಂಡಿನಲ್ಲೆಲ್ಲ ಹಂಚಿಸಿದರು. ಕೆಲವೇ ದಿನ. ಆಮೇಲೆ ಸ್ಕ್ಯಾನ್ ಮಾಡಿದವರಿಗೆ ಜೀನ್ಸ್ ಬದಲು ‘ಈ ಕೋಡ್ ನಿಂತಿದೆ, ಹಣ ಕಟ್ಟಿ’ ಅನ್ನುವ ಅರ್ಥದ ಇಂಗ್ಲಿಷ್ ಪುಟ ಬಂತು. ಹುಡುಗ ಮಾಡಿದ್ದು ‘ಡೈನಾಮಿಕ್’ ಕೋಡ್. ಅದರೊಳಗೆ ಸಾಹುಕಾರರ ಸೈಟಿನ ವಿಳಾಸ ಇರಲೇ ಇಲ್ಲ, ಕೋಡ್ ಮಾಡಿಕೊಡುವ ಕಂಪನಿಯ ವಿಳಾಸ ಇತ್ತು. ಅಲ್ಲಿಗೆ ಹೋದವರನ್ನು ಅವರು ಇಲ್ಲಿಗೆ ದಾಟಿಸುತ್ತಿದ್ದರು, ಫ್ರೀ ಅವಧಿ ಮುಗಿಯುವ ತನಕ. ಕೋಡ್‌ನೊಳಗೆ ನಮ್ಮ ವಿಳಾಸವನ್ನೇ ಸೀದಾ ಹಾಕಿದರೆ ಅದಕ್ಕೆ ಅವಧಿಯೂ ಇಲ್ಲ, ಬಾಡಿಗೆಯೂ ಇಲ್ಲ. ತೆರೆಯುವ ಮೊದಲು ಕ್ಯಾಮೆರಾ ವಿಳಾಸ ತೋರಿಸುತ್ತದೆ, ಅಲ್ಲಿ ಬೇರೆಯವರ ಹೆಸರು ಕಂಡರೆ ಪ್ರಿಂಟಿಗೆ ಕೊಡುವ ಮುಂಚೆಯೇ ಗೊತ್ತಾಗುತ್ತಿತ್ತು. ಯಾರೂ ನೋಡಲಿಲ್ಲ. ಎಲ್ಲರೂ ಕಾಗದದ ದಪ್ಪ ನೋಡುತ್ತಿದ್ದರು.

ಕೋಡ್ ನಡೆಯುತ್ತಿದ್ದ ದಿನಗಳಲ್ಲಾದರೂ ಜನ ಬಂದರಾ? ಅರ್ಧ ಜನ ಫೋನ್‌ಪೇ ತೆಗೆದರು. ನಮ್ಮೂರಲ್ಲಿ ಕಪ್ಪು ಬಿಳಿ ಚೌಕ ಕಂಡರೆ ಕೈ ಹೋಗುವುದು ಅಲ್ಲಿಗೇ, ಒಗ್ಗರಣೆ ಮಿರ್ಚಿ ಬಂಡಿಯವರು ಅಷ್ಟು ಚೆನ್ನಾಗಿ ಕಲಿಸಿದ್ದಾರೆ. ಹಣ ಕಳಿಸುವ ಕೋಡ್ ಒಳಗೆ upi://pay ಅಂತ ಶುರುವಾಗುತ್ತದೆ, ಸೈಟಿನದು https:// ಅಂತ. ಪಾಪ, ಆ್ಯಪ್ ‘ಇದು ಸರಿಯಾದ ಕೋಡ್ ಅಲ್ಲ’ ಅಂದಿತು. ಒಬ್ಬ ಹಿರಿಯರು ಅಂಗಡಿಗೇ ಬಂದು ಕೇಳಿದರು, ‘ಸಾಹುಕಾರ್ರೆ, ಎಷ್ಟು ಹಾಕ್ಬೇಕ್ರೀ? ಹೋಗ್ತಾನೇ ಇಲ್ಲ.’ ಕೋಡ್ ಕೆಳಗೆ ‘ಜೀನ್ಸ್ ರೇಟು ನೋಡಲು’ ಅಂತ ಮೂರು ಪದ ಬರೆಯುವ ಜಾಗದಲ್ಲಿ ‘ನಿಮ್ಮ ಆಶೀರ್ವಾದವಿರಲಿ’ ಅಂತಿತ್ತು. ಆಶೀರ್ವಾದ ಅಂದರೆ ಮುಯ್ಯಿ ಅಂದುಕೊಂಡಿದ್ದರಲ್ಲಿ ಅವರ ತಪ್ಪೇನಿದೆ?

ಇಷ್ಟಾದರೂ ಸಾಹುಕಾರರು ಖುಷಿಯಾಗಿದ್ದಾರೆ. ಸೈಟಿನ ಕೆಳಗಿನ ಮೀಟರ್ ಸಾವಿರ ದಾಟಿದೆ. ಆ ಮೀಟರ್ ಎಣಿಸುವುದು ಪುಟ ತೆರೆದ ಸಲವನ್ನು, ಜನರನ್ನಲ್ಲ. ಅಂಗಡಿಯ ನಾಲ್ಕು ಹುಡುಗರಿಗೆ ಬಿಡುವಿದ್ದಾಗಲೆಲ್ಲ ರಿಫ್ರೆಶ್ ಒತ್ತುವ ಡ್ಯೂಟಿ ಇದೆ. ಕಾರ್ಡಿನ ವಿಳಾಸದ ಕೊನೆಗೆ ?m=card, ಫ್ಲೆಕ್ಸಿನದಕ್ಕೆ ?m=flex ಅಂತ ಬಾಲ ಸೇರಿಸಿದ್ದರೆ ಯಾರು ಎಲ್ಲಿಂದ ಬಂದರು ಅಂತ ಬೇರೆ ಬೇರೆಯಾಗಿ ಕಾಣುತ್ತಿತ್ತು ಅಂದೆ. ‘ಯಾಕೋ ತಮ್ಮಾ, ಸಾವಿರ ಅಂದ್ರೆ ಸಾವಿರ’ ಅಂದರು. ಫ್ಲೆಕ್ಸಿನ ಖರ್ಚು ಗೊತ್ತಿದ್ದವರು ಹಾಗೇ ಅನ್ನಬೇಕು.

ಮೂರನೇ ಸಲದ ಕಾರ್ಡ್ ಈಗ ಪ್ರೆಸ್ಸಿನಿಂದ ಬಂದಿದೆ. ಕೋಡಿನ ಸಹವಾಸವೇ ಬೇಡ ಅಂತ ತೆಗೆಸಿದ್ದಾರೆ. ಆ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಮೊಬೈಲ್ ನಂಬರ್ ಇದೆ. ಮೇಲೆ ಒಂದು ಸಾಲು: ‘ನಮ್ಮ ವೆಬ್‌ಸೈಟ್ ನೋಡಲು ಈ ನಂಬರಿಗೆ ಕರೆ ಮಾಡಿ.’