ಥೀಸಿಸ್ ಫಾರ್ಮ್ಯಾಟಿಂಗ್ ಅಂಗಡಿಯಲ್ಲಿ ಮಾಡಿಸಬಹುದಾ?

ಪರ: ಮಾತು ಅವರದು, ಅಳತೆ ನನ್ನದು
(ಬರೆದವರು ಕಲಬುರಗಿಯಲ್ಲಿ ಡಿಟಿಪಿ ಅಂಗಡಿ ನಡೆಸುತ್ತಾರೆ)

ಕಳೆದ ವರ್ಷ ಯಾದಗಿರಿ ಕಡೆಯ ಹುಡುಗಿಯೊಬ್ಬಳು ಪೆನ್‌ಡ್ರೈವ್ ಹಿಡಿದು ಬಂದಳು. ತತ್ವಪದಗಳ ಮೇಲೆ ಪಿಎಚ್.ಡಿ. ಐದು ಅಧ್ಯಾಯ, ಐದು ಫೈಲ್. ಮೂರು ಫೈಲ್ ನುಡಿ ತಂತ್ರಾಂಶದಲ್ಲಿ, ಎರಡು ಯೂನಿಕೋಡ್‌ನಲ್ಲಿ. "ಅಣ್ಣಾರ, ಇವನ್ನೆಲ್ಲ ಒಂದ ಮಾಡಿ ಕೊಡ್ರಿ, ಸೋಮವಾರ ಬೈಂಡಿಂಗ್‌ಗೆ ಕೊಡಬೇಕದ" ಅಂದಳು. ಅವತ್ತು ಗುರುವಾರ.

ನುಡಿಯ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅಲ್ಲ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕಿರುತ್ತದೆ, ಅಷ್ಟೇ. ಇಡೀ ಫೈಲನ್ನು ಕನ್ವರ್ಟರ್‌ಗೆ ಸುರಿದರೆ, ನಡುವೆ ಇರುವ ನಿಜವಾದ ಇಂಗ್ಲಿಷ್ ಹೆಸರುಗಳಿಗೂ ವೇಷ ಹಾಕಿ ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ಗ್ರಂಥಋಣ ಪೂರ್ತಿ ಹಾಳು. ಹಾಗಾಗಿ ನಾನು ಮೊದಲು ಮೂಲ ಫೈಲಿನ ಪ್ರತಿ ತೆಗೆದಿಡುತ್ತೇನೆ. ಫಾಂಟ್ ಹೆಸರು ಹಿಡಿದು ಇಂಗ್ಲಿಷ್ ಭಾಗಗಳನ್ನು ಹುಡುಕಿ ಬಣ್ಣ ಹಚ್ಚುತ್ತೇನೆ. ಅವನ್ನು ಬಿಟ್ಟು ಉಳಿದದ್ದನ್ನು ತುಂಡು ತುಂಡಾಗಿ ಯೂನಿಕೋಡ್ ಮಾಡುತ್ತೇನೆ. ಆಮೇಲೆ ಅರ್ಕಾವತ್ತು, ಒತ್ತಕ್ಷರ ಸರಿಯಾಗಿ ಕೂತಿವೆಯಾ ಅಂತ ಕಣ್ಣಿಟ್ಟು ನೋಡಬೇಕು. ಇದರಲ್ಲಿ ಸಂಶೋಧನೆ ಎಲ್ಲಿದೆ, ಹೇಳಿ? ಅವಳು ಮೂರು ವರ್ಷ ಊರೂರು ಅಲೆದು ಹಾಡು ಕೂಡಿಸಿದ್ದಾಳೆ. ಇದನ್ನೂ ಅವಳೇ ಮಾಡಬೇಕಾ?

ಹಾಗಂತ ಗೆರೆ ಇಲ್ಲ ಅಂತಲ್ಲ. ಅದೇ ಥೀಸಿಸ್‌ನಲ್ಲಿ ನಮ್ಮ ಅಂಗಡಿಯ ಹುಡುಗ ಒಂದು ಹಾಡಿನ ಸಾಲಿನಲ್ಲಿ "ಬರಲಾಕ" ಇದ್ದದ್ದನ್ನು "ಬರಲಿಕ್ಕೆ" ಮಾಡಿದ್ದ. ತಪ್ಪು ತಿದ್ದಿದೆ ಅಂದ. ಪಾಪ, ಒಳ್ಳೇದೇ ಮಾಡಿದೆ ಅಂದುಕೊಂಡಿದ್ದ. ಆದರೆ ಹಾಡಿದವರು "ಬರಲಾಕ" ಅಂತಲೇ ಹಾಡಿದ್ದಾರೆ. ಅವಳು ಸಂಗ್ರಹಿಸಿದ್ದೇ ಆ ಮಾತನ್ನು. ಕೂತಲ್ಲೇ ವಾಪಸ್ ಹಾಕಿಸಿದೆ. ಅವತ್ತಿನಿಂದ ನಮ್ಮಲ್ಲಿ ಒಂದು ನಿಯಮ: ಪದ ಮುಟ್ಟುವ ಹಾಗಿಲ್ಲ. ಅನುಮಾನ ಬಂದರೆ ಪಕ್ಕದಲ್ಲಿ ಕಾಮೆಂಟ್ ಹಾಕಬೇಕು. ಅವಳ ಮೂರನೇ ಅಧ್ಯಾಯದಲ್ಲಿ ಒಂದು ಪುಸ್ತಕಕ್ಕೆ 1998 ಅಂತಿತ್ತು, ಗ್ರಂಥಋಣದಲ್ಲಿ 1989. ಯಾವುದು ಸರಿ ಅಂತ ನೆಟ್‌ನಲ್ಲಿ ಎರಡು ನಿಮಿಷ ಹುಡುಕಿದ್ದರೆ ಸಿಗುತ್ತಿತ್ತೇನೋ. ಹುಡುಕಲಿಲ್ಲ. ಕಾಮೆಂಟ್ ಹಾಕಿ ಕಳಿಸಿದೆ. ಪುಸ್ತಕ ತೆಗೆದು ನೋಡುವುದು ಅವಳ ಕೆಲಸ.

ನನ್ನ ಕೆಲಸ ಬೇರೆ. ಎಡ ಅಂಚು ಒಂದೂವರೆ ಇಂಚು ಬಿಡುವುದು, ಇಲ್ಲದಿದ್ದರೆ ಬೈಂಡಿಂಗ್ ಸಾಲಿನ ಮೊದಲ ಅಕ್ಷರ ನುಂಗುತ್ತದೆ. ಅಧ್ಯಾಯದ ಹೆಸರಿಗೆ `Heading 1` ಕೊಡುವುದು, ಆಗ ಪರಿವಿಡಿ ತಾನೇ ಬರುತ್ತದೆ. ಮುನ್ನುಡಿ ಪುಟಗಳಿಗೆ ರೋಮನ್ ಅಂಕಿ, ಒಂದನೇ ಅಧ್ಯಾಯದಿಂದ ಮತ್ತೆ 1. ಇದಕ್ಕೆ ನಡುವೆ ಸೆಕ್ಷನ್ ಬ್ರೇಕ್ ಹಾಕಿ `Link to Previous` ತೆಗೆಯಬೇಕು. ಅದೊಂದು ಗೊತ್ತಿಲ್ಲದೆ ರಾತ್ರಿಯೆಲ್ಲ ಒದ್ದಾಡಿ ಬೆಳಿಗ್ಗೆ ಬಂದವರನ್ನು ಎಷ್ಟೋ ಜನ ನೋಡಿದ್ದೇನೆ.

ಪದ ಮುಟ್ಟಿಲ್ಲ ಅನ್ನೋದಕ್ಕೆ ಏನು ಸಾಕ್ಷಿ ಅಂತ ಕೇಳುತ್ತಾರೆ. ವರ್ಡ್‌ನಲ್ಲೇ ಇದೆಯಲ್ಲ. `Compare` ಒತ್ತಿ, ಅವರು ತಂದ ಫೈಲ್ ಮತ್ತು ನಾನು ಕೊಡುವ ಫೈಲ್ ಎರಡನ್ನೂ ಪಕ್ಕಪಕ್ಕ ಇಡುತ್ತೇನೆ. ಅಲ್ಲಿ `Formatting` ಟಿಕ್ ತೆಗೆದರೆ ಬದಲಾದ ಪದ ಮಾತ್ರ ಕಾಣುತ್ತದೆ. ನುಡಿಯಿಂದ ಬದಲಿಸಿದ ಅಧ್ಯಾಯಕ್ಕೆ ಇದು ನಡೆಯಲ್ಲ, ಒಳಗಿನ ಅಕ್ಷರಗಳೇ ಬೇರೆ ಆಗಿರುತ್ತವೆ. ಆ ಮೂರು ಅಧ್ಯಾಯ ಅವಳೇ ಪ್ರಿಂಟ್ ಹಿಡಿದು ಕೂತು ಓದಿದಳು.

ಇನ್ನು ಕೆಲವರು ಬರುತ್ತಾರೆ. "ಸರ, ಚೆಕ್ ಮಾಡಿಸಿದ್ರ 28 ಪರ್ಸೆಂಟ್ ಬಂದದ, 10ಕ್ಕ ಇಳಿಸ್ರಿ, ರೊಕ್ಕ ಎಷ್ಟಾದ್ರೂ ಆಗ್ಲಿ." ಯುಜಿಸಿಯ 2018ರ ನಿಯಮದಲ್ಲಿ ಬೇರೆಯವರ ಬರಹದ ಜೊತೆ 10ರ ತನಕ ಹೋಲಿಕೆಗೆ ಶಿಕ್ಷೆ ಇಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಆ ಭಯಕ್ಕೆ ಬರುತ್ತಾರೆ. ವಾಕ್ಯ ತಿರುಚುವುದು, ಬಿಳಿ ಬಣ್ಣದ ಅಕ್ಷರ ತುಂಬುವುದು, ಪುಟವನ್ನು ಚಿತ್ರ ಮಾಡಿ ಅಂಟಿಸುವುದು, ಎಲ್ಲಾ ಕೇಳಿದ್ದೇನೆ. ಉದ್ಧರಣ ಚಿಹ್ನೆ ಹಾಕಿಬಿಡಿ ಅಂದರೂ ಹಾಕಲ್ಲ. ಯಾವ ಸಾಲು ಯಾರದು ಅಂತ ನನಗೆ ಹೇಗೆ ಗೊತ್ತಾಗಬೇಕು? ನಾನು ಪುಟಕ್ಕೆ 15 ರೂಪಾಯಿ ತಗೊಳ್ಳುತ್ತೇನೆ. ಪರ್ಸೆಂಟಿಗೆ ನಮ್ಮಲ್ಲಿ ರೇಟಿಲ್ಲ.

ವಿರೋಧ: ಅಷ್ಟು ಸುಲಭಕ್ಕೆ ಬೇರೆಯಾಗುವುದಿಲ್ಲ
(ಬರೆದವರು ನಿವೃತ್ತ ಅರ್ಥಶಾಸ್ತ್ರ ಪ್ರಾಧ್ಯಾಪಕರು)

ವಿರೋಧದ ಕಡೆಯಿಂದ ಬರೀರಿ ಅಂತ ಕೇಳಿದರು, ಆಯ್ತು ಅಂದೆ. ಎದುರಿನ ಬರಹವನ್ನೂ ಮೊದಲೇ ಕಳಿಸಿಕೊಟ್ಟಿದ್ದರು. ಓದಿದರೆ ಕಲಬುರಗಿಯ ಡಿಟಿಪಿ ಅಂಗಡಿಗಳೆಲ್ಲ ಮಠ ಆಗಿವೆಯೇನೋ ಅನಿಸುತ್ತದೆ. ಫೈಲ್ ಹೋಲಿಸಿ ತೋರಿಸುತ್ತಾರಂತೆ! ಇರಲಿ. ನುಡಿ, ಯೂನಿಕೋಡ್ ವಿಷಯ ನನಗೆ ಅಷ್ಟು ತಿಳಿಯದು, ಅದನ್ನು ಬಿಡೋಣ.

ನಾನು ಹೇಳುವುದು ಒಂದೇ. ರೂಪ ಬೇರೆ, ವಿಷಯ ಬೇರೆ ಅಲ್ಲ. ನನ್ನ ಕೈಯಲ್ಲಿ ಒಬ್ಬ ಹುಡುಗ ತೊಗರಿ ಬೆಳೆಗಾರರ ಸಾಲದ ಮೇಲೆ ಕೆಲಸ ಮಾಡುತ್ತಿದ್ದ. 300 ರೈತರನ್ನು ಮಾತಾಡಿಸಿದ್ದ. ಒಂದು ಪ್ರಶ್ನೆಗೆ 12 ಮಂದಿ ಉತ್ತರ ಕೊಟ್ಟಿರಲಿಲ್ಲ. ಕೋಷ್ಟಕದ ಒಟ್ಟು 288, ಕೆಳಗೆ ಸಣ್ಣ ಟಿಪ್ಪಣಿ ಬರೆದಿದ್ದ. ಒಂದು ಅಂಗಡಿಯವರು ಕೋಷ್ಟಕ ಒಂದೇ ಪುಟದಲ್ಲಿ ಕೂರಲಿ ಅಂತ ಆ ಟಿಪ್ಪಣಿ ತೆಗೆದರು. ಒಂದು ಪದವನ್ನೂ ಬದಲಿಸಲಿಲ್ಲ, ನೋಡಿ, ಬರೀ ಜಾಗ ಹೊಂದಿಸಿದರು! ವೈವಾದಲ್ಲಿ ಪರೀಕ್ಷಕರು "ಉಳಿದ 12 ಜನ ಎಲ್ಲಿ ಹೋದರು?" ಅಂದರು. ಹುಡುಗ ತನ್ನ ಥೀಸಿಸನ್ನೇ ಮೊದಲ ಸಲ ನೋಡಿದವನ ಹಾಗೆ ಪುಟ ತಿರುವಿದ. ನಾನು ಪಕ್ಕದಲ್ಲಿ ತಲೆ ಬಗ್ಗಿಸಿ ಕೂತಿದ್ದೆ. ನಾನೂ ಕೊನೇ ಪ್ರತಿ ಓದಿರಲಿಲ್ಲ, ಅದೂ ನಿಜ.

ತನ್ನ ಕೋಷ್ಟಕವನ್ನು ತಾನೇ ಕೂರಿಸಿದವನಿಗೆ ಯಾವ ಅಂಕಿ ಎಲ್ಲಿದೆ ಅಂತ ಗೊತ್ತಿರುತ್ತದೆ. ಪಿಎಚ್.ಡಿ. ಕೋರ್ಸ್‌ವರ್ಕ್‌ನಲ್ಲಿ ಹೇಗೂ ಸಂಶೋಧನಾ ವಿಧಾನ ಕಲಿಸುತ್ತಾರೆ. ಅದರ ಜೊತೆಗೆ ಎರಡು ದಿನ ಕಂಪ್ಯೂಟರ್ ಮುಂದೆ ಕೂರಿಸಿ ಪರಿವಿಡಿ, ಪುಟ ಸಂಖ್ಯೆ ಕಲಿಸಿದರೆ ಅಂಗಡಿ ಯಾಕೆ ಬೇಕು?

ಹಾಗಾದರೆ ನಿಮ್ಮ ಥೀಸಿಸ್ ನೀವೇ ಟೈಪ್ ಮಾಡಿದ್ರಾ ಸರ್ ಅಂತ ಕೇಳಬಹುದು. ಇಲ್ಲ. ಎಂಬತ್ತರ ದಶಕ ಅದು, ಊರು ಇನ್ನೂ ಗುಲಬರ್ಗಾ. ಟೈಪಿಂಗ್ ಇನ್‌ಸ್ಟಿಟ್ಯೂಟ್‌ನ ಮಾಸ್ತರೊಬ್ಬರು ಇಂಗ್ಲಿಷ್ ಟೈಪ್‌ರೈಟರ್‌ನಲ್ಲಿ ಮಾಡಿಕೊಡುತ್ತಿದ್ದರು. ಒಂದು ಮೂಲ, ನಾಲ್ಕು ಕಾರ್ಬನ್. ನಾಲ್ಕನೇದು ಓದಲಿಕ್ಕೇ ಬರುತ್ತಿರಲಿಲ್ಲ, ಅದನ್ನೇ ನನಗೆ ಇಟ್ಟುಕೊಂಡೆ. ಅರ್ಥಶಾಸ್ತ್ರ ಅವರಿಗೆ ಗೊತ್ತಿರಲಿಲ್ಲ. ಆದರೆ ನಾಲ್ಕನೇ ಅಧ್ಯಾಯಕ್ಕೆ ಬಂದಾಗ ಕೆಲಸ ನಿಲ್ಲಿಸಿದರು. "ಸರ, ಇದೇ ಮಾತು ಎರಡನೇ ಅಧ್ಯಾಯದಾಗೂ ಬಂದದ. ಅಲ್ಲಿ ಪುಟ 112 ಅಂತ ಬರ್ದೀರಿ, ಇಲ್ಲಿ 121. ಯಾವುದು ಹೊಡೀಲಿ?" ಯಾವುದಾದರೂ ಒಂದು ಹೊಡೀರಿ ಮಾಸ್ತರ, ಯಾರು ನೋಡ್ತಾರೆ ಅಂದೆ. "ನಾ ಹೊಡ್ಯಂಗಿಲ್ರಿ. ನೀವು ನೋಡ್ಕೊಂಡು ಬರ್ರಿ" ಅಂದರು. ಟೈಪ್‌ರೈಟರ್‌ಗೆ ಬಟ್ಟೆ ಹೊದಿಸಿ ಚಹಾಕ್ಕೆ ಎದ್ದು ಹೋದರು.

ಆ ಪುಸ್ತಕ ಇಲ್ಲಿ ಇರಲಿಲ್ಲ. ಬಾಯಲ್ಲಿ ಬೈದುಕೊಳ್ಳುತ್ತಾ ರಾತ್ರಿ ಬಸ್ಸಿಗೆ ಧಾರವಾಡಕ್ಕೆ ಹೋದೆ. ಲೈಬ್ರರಿಯಲ್ಲಿ ತೆಗೆದು ನೋಡಿದರೆ 121. ಅಷ್ಟೇ ಅಲ್ಲ, ಉದ್ಧರಣದ ಕೊನೆಯ ಅರ್ಧ ವಾಕ್ಯ ಪುಸ್ತಕದಲ್ಲಿ ಇರಲೇ ಇಲ್ಲ. ನನ್ನ ಟಿಪ್ಪಣಿಯನ್ನು ನಾನೇ ಅದರೊಳಗೆ ಸೇರಿಸಿಬಿಟ್ಟಿದ್ದೆ. ವಾಪಸ್ ಬಂದು ಹೇಳಿದೆ. ಮಾಸ್ತರು ಎರಡೂ ಪುಟ ಕಿತ್ತು ಹೊಸದಾಗಿ ಟೈಪ್ ಮಾಡಿದರು, ಆ ಪುಟಗಳ ದುಡ್ಡು ಎರಡೆರಡು ಸಲ ತಗೊಂಡರು.