ಐದು ಪದಕ್ಕೆ ಏಳು ಕಾವಲು

ಕರಡು ತಿದ್ದುವ ನನ್ನ ಮೇಜಿಗೆ ಮೊನ್ನೆ ಬಂದ ಅನುವಾದಿತ ಕಥೆಯೊಂದರಲ್ಲಿ ಈ ಸಾಲಿತ್ತು:

“ನಾನು, ಬರುವುದಿಲ್ಲ,” ಎಂದು, ಅವನು, ಹೇಳಿದ.

ಎಣಿಸಿದೆ. ಪದಗಳು ಐದು, ಚಿಹ್ನೆಗಳು ಏಳು. ಬರುವುದಿಲ್ಲ ಅಂತ ಹೇಳಿ ಸುಮ್ಮನಾಗುವ ಒಬ್ಬ ಬಡಪಾಯಿಗೆ ಮಂತ್ರಿಗೂ ಸಿಗದಷ್ಟು ಬೆಂಗಾವಲು. ಇವರಲ್ಲಿ ಯಾರನ್ನು ಮನೆಗೆ ಕಳಿಸಿದರೆ ಏನು ಕೆಡುತ್ತದೆ ನೋಡೇಬಿಡೋಣ ಅಂತ ಒಂದೊಂದನ್ನೇ ಅಳಿಸುತ್ತ ಹೋದೆ.

ನಾನು ಬರುವುದಿಲ್ಲ ಎಂದು ಅವನು ಹೇಳಿದ

ಏನೂ ಕೆಡಲಿಲ್ಲ. ಆತ ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ.

ಅನುವಾದಕ ಹುಡುಗನಿಗೆ ಫೋನ್ ಮಾಡಿದೆ. ಮೂಲದಲ್ಲಿ ಅಲ್ಪವಿರಾಮ ಉದ್ಧರಣ ಚಿಹ್ನೆಯ ಒಳಗೇ ಇದೆ ಸಾರ್ ಅಂದ. ಕಥೆ ಅನುವಾದಿಸು ಅಂದರೆ ಚುಕ್ಕೆಗಳನ್ನೂ ಅನುವಾದಿಸಿದ್ದೀಯಲ್ಲ ಮಾರಾಯ ಅಂದೆ. ಇಲ್ಲ ಸಾರ್, ಅವನ್ನು ಅನುವಾದಿಸಿಲ್ಲ, ಹಾಗೇ ಬಿಟ್ಟಿದ್ದೇನೆ ಅಂದ. ಅವನು ಹೇಳಿದ್ದು ಸರಿಯೇ. ರೋಗವೂ ಅದೇ.

ಇಂಗ್ಲಿಷಿಗೆ ಆ ಗೋಡೆಗಳು ಬೇಕು. ಆಡಿದ ಮಾತು ಇಲ್ಲಿಗೆ ಮುಗಿಯಿತು ಅಂತ ಸಾರುವ ಪದ ಅದರ ಬಳಿ ಇಲ್ಲ. ನಮ್ಮಲ್ಲಿ ಎಂದು ಇದೆ, ಅಂತ ಇದೆ, ಎಂಬ ಇದೆ. ಮಾತು ಮುಗಿದ ಕೂಡಲೇ ಬಾಗಿಲು ಹಾಕಿ ಬೀಗ ಜಡಿಯುವುದೇ ಇವುಗಳ ಕೆಲಸ. ಬಾಯಲ್ಲಿ ಕತೆ ಹೇಳುವ ಅಜ್ಜಿಗೆ ಗಾಳಿಯಲ್ಲಿ ಎರಡೆರಡು ಬೆರಳು ಆಡಿಸುವ ಅಗತ್ಯ ಬೀಳದಿರುವುದೂ ಇದರಿಂದಲೇ. ಬೀಗ ಹಾಕಿದ ಬಾಗಿಲಿಗೆ ಮತ್ತೊಂದು ಬೀಗ, ಅದರ ಒಳಗಡೆ ಒಂದು ಅಗುಳಿ. ಆ ಅಗುಳಿಯೇ ನಮ್ಮ ಹುಡುಗನ ಅಲ್ಪವಿರಾಮ.

ಹಾಗಂತ ಉದ್ಧರಣ ಚಿಹ್ನೆ ಪೂರಾ ದಂಡ ಅನ್ನಲಾರೆ. ಈ ಸಾಲು ನೋಡಿ:

ನಾನು ಕಳ್ಳ ಎಂದೆ

ನಾನು ಯಾರನ್ನೋ ಕಳ್ಳ ಅಂದೆನೋ, ನನ್ನನ್ನು ನಾನೇ ಕಳ್ಳ ಅಂತ ಒಪ್ಪಿಕೊಂಡೆನೋ? ಪೊಲೀಸ್ ಠಾಣೆಯಲ್ಲಿ ಇದನ್ನು ಬರೆದು ಸಹಿ ಹಾಕಿದವನ ಕಥೆ ಮುಗಿದಂತೆ. ಎಂದು ಎಂಬ ಪದ ಮಾತು ಎಲ್ಲಿ ಮುಗಿಯಿತು ಅಂತ ಹೇಳುತ್ತದೆ, ಎಲ್ಲಿ ಶುರುವಾಯಿತು ಅಂತ ಹೇಳುವುದಿಲ್ಲ. ನಾನು “ಕಳ್ಳ” ಎಂದೆ ಅಂತ ಬರೆದರೆ ಬಚಾವು, “ನಾನು ಕಳ್ಳ” ಎಂದೆ ಅಂತ ಬರೆದರೆ ಒಳಗೆ. ಎರಡರಲ್ಲೂ ದುಡಿದದ್ದು ತೆರೆಯುವ ಚಿಹ್ನೆ. ಮುಚ್ಚುವ ಚಿಹ್ನೆ ಪಕ್ಕದಲ್ಲಿ ನಿಂತು ಫೋಟೋಗೆ ಮುಖ ಕೊಟ್ಟಿತು, ಅಷ್ಟೇ. ಆದ್ದರಿಂದ ಕನ್ನಡಕ್ಕೆ ಬೇಕಾಗಿರುವುದು ಅರ್ಧ ಜೊತೆ ಉದ್ಧರಣ ಚಿಹ್ನೆ, ಉಳಿದರ್ಧಕ್ಕೆ ಸ್ವಯಂನಿವೃತ್ತಿ ಕೊಡಬಹುದು ಎಂಬುದು ನನ್ನ ಘನವಾದ ಸಲಹೆ. ಇದನ್ನು ಕೇಳಿದ ನಮ್ಮ ಪುಟ ವಿನ್ಯಾಸಗಾರ್ತಿ ತೆರೆದ ಚಿಹ್ನೆ ಮುಚ್ಚದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ ಸಾರ್ ಅಂದರು.

ಪೂರ್ಣವಿರಾಮದ ಪಾಡು ಇನ್ನೂ ಮಜವಾಗಿದೆ. ಅವನು ಬಂದನು ಅಂತ ಬರೆಯುವ ಕಾಲದಲ್ಲಿ ವಾಕ್ಯ ಮುಗಿದದ್ದನ್ನು ಆ ನು ಪ್ರತ್ಯಯವೇ ಡಂಗುರ ಹೊಡೆಯುತ್ತಿತ್ತು. ಅದರ ಮೇಲಿನ ಚುಕ್ಕೆ ಬರೀ ದೃಷ್ಟಿಬೊಟ್ಟು. ಆಮೇಲೆ ನಾವು ಆಡುಮಾತಿಗೆ ಹತ್ತಿರವಾಗುವ ಉತ್ಸಾಹದಲ್ಲಿ ನು ಕತ್ತರಿಸಿ ಬಂದ ಅಂತ ಬರೆಯತೊಡಗಿದೆವು. ಈಗ ಓದಿ:

ಅವನು ಬಂದ ಮನೆ ಖಾಲಿಯಾಗಿತ್ತು

ಅವನು ಬಂದ, ನೋಡಿದರೆ ಮನೆ ಖಾಲಿ ಅಂತಲೋ, ಅವನು ಬಂದಂಥ ಮನೆ ಖಾಲಿ ಅಂತಲೋ? ಬಂದ ಎಂಬುದು ಕ್ರಿಯಾಪದವೂ ಹೌದು, ಮುಂದಿನ ಹೆಸರಿಗೆ ಅಂಟಿಕೊಳ್ಳುವ ಕೃದಂತವೂ ಹೌದು. ಇಲ್ಲಿ ಚುಕ್ಕೆ ಇಡದೆ ಗತಿಯಿಲ್ಲ. ಅದೇ ಜಾಗಕ್ಕೆ ಹೆಣ್ಣುಮಗಳೊಬ್ಬಳನ್ನು ಕರೆತನ್ನಿ. ಅವಳು ಬಂದಳು ಮನೆ ಖಾಲಿಯಾಗಿತ್ತು. ಗೊಂದಲವೇ ಇಲ್ಲ, ಳು ನಿಂತಲ್ಲಿ ವಾಕ್ಯ ನಿಂತಿತು. ಅಂದರೆ ಲೆಕ್ಕ ಹಾಕಿದರೆ ಈ ಜಾಗದಲ್ಲಿ ಪೂರ್ಣವಿರಾಮದ ಆಸರೆ ಬೇಕಾಗುವುದು ಗಂಡಸಿಗೆ ಮಾತ್ರ. ಅದೂ ನಾವೇ ಅವನ ಬಾಲ ಕತ್ತರಿಸಿದ ಮೇಲೆ.

(ಹಳೆಯ ದಂಡದ, ಅಂದರೆ ಪದ್ಯ ನಿಲ್ಲಿಸುವ ನೆಟ್ಟನೆಯ ಗೆರೆಯ, ಗತಿಯನ್ನೂ ಹೇಳಿಬಿಡುತ್ತೇನೆ. ತಾಳೆಗರಿಯ ಕಾಲದಲ್ಲಿ ಪದ್ಯದ ಅರ್ಧಕ್ಕೊಂದು, ಕೊನೆಗೆ ಎರಡು ಅಂತ ಗತ್ತಿನಲ್ಲಿ ನಿಲ್ಲುತ್ತಿತ್ತು. ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ದಂಡವಿಲ್ಲ, ದೇವನಾಗರಿ ವಿಭಾಗದ U+0964 ಮತ್ತು U+0965 ಎಂಬ ಎರಡು ಕೋಣೆಗಳನ್ನೇ ನಾವೂ ಹಂಚಿಕೊಂಡಿದ್ದೇವೆ. ಕೀಲಿಮಣೆಯಲ್ಲಿ ಅವು ಸುಲಭಕ್ಕೆ ಸಿಗದೆ ಜನ ಡಾ|| ಅಂತ ಎರಡು ಗೆರೆ ಎಳೆದು ವೈದ್ಯರ ಹೆಸರಿನ ಬಾಗಿಲಲ್ಲಿ ನಿಲ್ಲಿಸಿದ್ದಾರೆ. ಶ್ಲೋಕ ಮುಗಿಸುತ್ತಿದ್ದವರಿಗೆ ದ್ವಾರಪಾಲಕರ ಹುದ್ದೆ.)

ಇನ್ನು ಅಲ್ಪವಿರಾಮ. ಇದರ ಮಹಿಮೆ ಸಾರಲು ಒಂದು ಕತೆ ಹೇಳುತ್ತಾರೆ. ರಾಜನೊಬ್ಬ ಗಲ್ಲಿಗೇರಿಸು, ಬೇಡ, ಬಿಡು ಎಂಬ ಮೂರು ಮಾತಿನ ಅಪ್ಪಣೆ ಕಳಿಸಿದ, ಅಲ್ಪವಿರಾಮ ಎಲ್ಲಿ ಬೀಳುತ್ತದೋ ಅದರ ಮೇಲೆ ಒಂದು ಪ್ರಾಣ ನೇತಾಡುತ್ತಿತ್ತು. ಇಂಗ್ಲಿಷಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಹ್ಯಾಂಗ್ ಹಿಮ್ ನಾಟ್ ಲೆಟ್ ಹಿಮ್ ಗೋ ಅಂದರೆ ಅಲ್ಲಿ ನಾಟ್ ಎಂಬುದು ಯಾವ ಕಡೆಗೂ ವಾಲಬಲ್ಲದು. ಆದರೆ ನಮ್ಮ ಅರಸ ಬರೆಸುವುದು ಹೀಗೆ:

ಗಲ್ಲಿಗೇರಿಸಬೇಡಿ ಬಿಟ್ಟುಬಿಡಿ

ಬೇಡ ಎಂಬುದು ಕ್ರಿಯಾಪದದ ಹೊಟ್ಟೆಯೊಳಗೇ ಕೂತಿದೆ. ಅಲ್ಪವಿರಾಮವನ್ನು ಹಿಂದಿಡಿ, ಮುಂದಿಡಿ, ತಲೆಯ ಮೇಲಿಡಿ, ಆತ ಬದುಕುತ್ತಾನೆ. ಹೀಗಾದರೆ ಕತೆಯೇ ಸಾಯುತ್ತದಲ್ಲ ಅಂತ ಕನಿಕರಪಟ್ಟು ಗಲ್ಲಿಗೇರಿಸಿ ಬೇಡ ಬಿಟ್ಟುಬಿಡಿ ಎಂಬ ವಾಕ್ಯವನ್ನು ಹೊಸೆಯುತ್ತಾರೆ. ಒಂದು ಚಿಹ್ನೆಗೆ ಕೆಲಸ ಹುಡುಕಿಕೊಡಲು ಯಾರೂ ಆಡದ ಕನ್ನಡವನ್ನು ಹುಟ್ಟಿಸಿದ್ದಾಯಿತು. ರಾಮನೂ ಸೀತೆಯೂ ಅಂತ ಕೊಂಡಿ ಹಾಕಿಕೊಂಡು ಹೊರಟವರ ನಡುವೆ ರಾಮನೂ, ಸೀತೆಯೂ, ಮತ್ತು, ಲಕ್ಷ್ಮಣನೂ ಅಂತ ಕಂಬಿ ನೆಡುವವರು ಇದೇ ಮನೆತನದವರು.

ಕನ್ನಡಕ್ಕೆ ಅಲ್ಪವಿರಾಮ ನಿಜವಾಗಿ ಬೇಕಾದ ಜಾಗವೊಂದಿದೆ. ಅದು ಇಂಗ್ಲಿಷಿನ ನಿಯಮದ ಪುಸ್ತಕದಲ್ಲಿಲ್ಲ, ಹಾಗಾಗಿ ನಮ್ಮ ಕಣ್ಣಿಗೂ ಬೀಳುವುದಿಲ್ಲ. ನಾನೇ ಸಿಕ್ಕಿಬಿದ್ದ ಪ್ರಕರಣ ಹೇಳುತ್ತೇನೆ. ರಾತ್ರಿ ಹತ್ತು ಗಂಟೆಗೆ ಬಂದ ಸುದ್ದಿಯ ಮೊದಲ ಸಾಲು:

ಹಣ ಕದ್ದ ಮಂತ್ರಿಯ ಚಾಲಕನನ್ನು ಬಂಧಿಸಲಾಗಿದೆ

ಕದ್ದವನು ಚಾಲಕ. ಆದರೆ ಕದ್ದ ಎಂಬುದು ಹತ್ತಿರ ಕಂಡ ಹೆಸರಿಗೇ ಗಂಟುಬೀಳುತ್ತದೆ, ಹತ್ತಿರ ಕಂಡದ್ದು ಮಂತ್ರಿ. ಕದ್ದ ಆದಮೇಲೆ ಒಂದು ಅಲ್ಪವಿರಾಮ ಇಟ್ಟರೆ ಓದುವವನು ಅಲ್ಲಿ ಉಸಿರು ಹಿಡಿದು, ಮಂತ್ರಿಯನ್ನು ದಾಟಿ, ಚಾಲಕನನ್ನು ಹೋಗಿ ಹಿಡಿಯುತ್ತಾನೆ. ಮಂತ್ರಿಯ ಹಣ ಕದ್ದ ಚಾಲಕ ಅಂತ ತಿರುಗಿಸಿ ಬರೆಯಬಹುದಿತ್ತು, ಆದರೆ ಹಣ ಮಂತ್ರಿಯದ್ದಲ್ಲ, ಪಕ್ಕದ ಮನೆಯವರದ್ದು. ಅದಕ್ಕೇ ಅಲ್ಪವಿರಾಮವನ್ನೇ ಇಟ್ಟೆ. ವರ್ಷಗಟ್ಟಲೆ ಅಲ್ಪವಿರಾಮ ಗುಡಿಸಿ ಹಾಕುವವನು ನಾನು, ಅವತ್ತು ಒಂದನ್ನು ಕೈಯಾರೆ ನೆಟ್ಟೆ.

ಹನ್ನೊಂದು ಗಂಟೆಗೆ ಪುಟ ನೋಡಿದ ಉಪಸಂಪಾದಕ ಅದನ್ನು ಅಳಿಸಿದ. ಯಾಕಪ್ಪ ಅಂತ ಬೆಳಗ್ಗೆ ಕೇಳಿದರೆ, ಸಾರ್ ಮಂತ್ರಿ ಆದಮೇಲೆ ಅಲ್ಪವಿರಾಮ ಇರುತ್ತದೆ, ಮಂತ್ರಿಗೆ ಮೊದಲು ಯಾರಾದರೂ ಇಡುತ್ತಾರಾ ಅಂದ. ಅಷ್ಟರಲ್ಲಿ ಮೇಜಿನ ಮೇಲೆ ಫೋನ್ ಹೊಡೆದುಕೊಳ್ಳತೊಡಗಿತು. ಮಂತ್ರಿಗಳ ಆಪ್ತ ಕಾರ್ಯದರ್ಶಿ. ಅವರು ಆಡಿದ ಮಾತಿಗೆ ಎಲ್ಲೂ ಅಲ್ಪವಿರಾಮ ಇರಲಿಲ್ಲ.