ಡ್ಯೂಪ್ಲಿಕೇಟ್ ಕೀ ಮಲ್ಲೇಶ್ವರದಲ್ಲಿದೆ

ಬಸವನಗುಡಿಯ ಈ ಬಾಡಿಗೆ ಮನೆಗೆ ಬಂದ ಹೊಸದರಲ್ಲೇ ಒಂದು ವಿಷಯ ತಿಳಿಯಿತು. ನಮ್ಮ ಮುಂಬಾಗಿಲಿನ ಕೀ ಅರ್ಧ ಬೀದಿಯ ಹತ್ತಿರ ಇದೆ. ಹಿಂದಿದ್ದ ಬಾಡಿಗೆಯವರು, ಅವರ ಮನೆಕೆಲಸದಾಕೆ, ಪೇಂಟಿಂಗಿಗೆ ಬಂದವರು, ಎಲ್ಲರೂ ಒಂದೊಂದು ಮಾಡಿಸಿಕೊಂಡಿದ್ದರಂತೆ. "ಯಾರೂ ವಾಪಸ್ ಕೊಟ್ಟ ಹಾಗೆ ನೆನಪಿಲ್ಲಪ್ಪ" ಅಂದರು ಓನರ್, ಬಹಳ ನೆಮ್ಮದಿಯಿಂದ.

"ಹಾಗಾದ್ರೆ ಇನ್ನೊಂದು ಲಾಕ್ ಹಾಕಿಸ್ಲಾ ಸರ್?" ಅಂದೆ. ನೆಮ್ಮದಿ ಹೊರಟುಹೋಯಿತು.

ಅವರು ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್. ಬಾಗಿಲು ತೇಗದ್ದು. ಗೋಡೆಗೆ ಮೊಳೆ ಹೊಡೆಯಕೂಡದು ಅಂತ ಕರಾರಿನಲ್ಲೇ ಬರೆಸಿದ್ದಾರೆ. ಮೊಳೆಗೇ ಈ ಪಾಡಾದರೆ ಲಾಕಿನ ತೂತಿಗೆ ಗತಿಯೇನು? ಒಂದೂಕಾಲು ಇಂಚಿನ ತೂತು ಬೇಕು ಅಂತ ಕಾರ್ಪೆಂಟರ್ ಹೇಳಿದಾಗ, ಅವರು ಬೆರಳಲ್ಲಿ ಅಷ್ಟಗಲದ ಸುತ್ತು ಮಾಡಿ ಅದರೊಳಗಿಂದ ನನ್ನನ್ನೇ ನೋಡಿದರು.

ಇರುವ ಲಾಕಿನ ಸಿಲಿಂಡರ್ ಮಾತ್ರ ಬದಲಾಯಿಸಿದರೆ ಸಾಲದಾ ಅಂತಲೂ ಕೇಳಿದರು. ಪ್ರಶ್ನೆ ಸರಿಯಾದದ್ದೇ. ಸಿಲಿಂಡರ್ ಲಾಕಾಗಿದ್ದರೆ ಬಾಗಿಲಿನ ಅಂಚಿನಲ್ಲಿರುವ ಒಂದು ಸ್ಕ್ರೂ ಬಿಚ್ಚಿ, ಹಳೆಯದನ್ನು ಎಳೆದು ಹೊಸದು ತೂರಿಸಬಹುದು. ಹೊಸ ತೂತಿನ ಮಾತೇ ಇಲ್ಲ. ಆದರೆ ನಮ್ಮದು ಹಳೇ ಕಾಲದ ಲಿವರ್ ಲಾಕ್. ಅದರಲ್ಲಿ ಸಿಲಿಂಡರೇ ಇಲ್ಲ.

ಕೊನೆಗೆ ವಾಟ್ಸಾಪಿನಲ್ಲಿ ಒಪ್ಪಿಗೆ ಬಂತು, ಸಾಲ ಮಂಜೂರಾದ ಪತ್ರದ ಧಾಟಿಯಲ್ಲಿ. ಖರ್ಚು ನನ್ನದು. ಮನೆ ಬಿಡುವಾಗ ಲಾಕ್ ಬಾಗಿಲಲ್ಲೇ ಇರಬೇಕು. ಒಂದು ಕೀ ಅವರ ಕೈಗೆ ಕೊಡಬೇಕು. ಮೂರೂ ನ್ಯಾಯವೇ. ಲಾಕ್ ಬಿಚ್ಚಿಕೊಂಡು ಹೋದರೆ ಉಳಿಯುವುದು ತೂತು ತಾನೇ? ಇನ್ನು ನಾವು ಊರಿಗೆ ಹೋದಾಗ ನಲ್ಲಿ ಒಡೆದರೆ, ಕೆಳಗಿನ ಮನೆಯವರು ಅವರೇ.

ಲಾಕ್ ಕೂತಿತು. ಬಾಗಿಲು ತೆರೆದಿಟ್ಟು ಕೀ ತಿರುಗಿಸಿದರೆ ಬೆಣ್ಣೆ, ಮುಚ್ಚಿ ತಿರುಗಿಸಿದರೆ ಜಪ್ಪಯ್ಯ ಅಂದರೂ ಅಲ್ಲಾಡದು. "ಲಾಕ್ ಚೆನ್ನಾಗೇ ಇದೆ ಸಾರ್, ಮಳೆಗೆ ಬಾಗಿಲು ಉಬ್ಬಿದೆ" ಅಂದ ಕಾರ್ಪೆಂಟರ್. ನಾಲಗೆ ಹೋಗಿ ಕೂರುವ ಜಾಗ ಕೂದಲೆಳೆಯಷ್ಟು ತಪ್ಪಿತ್ತು. ಚೌಕಟ್ಟಿನ ಕಡೆಯ ಪಟ್ಟಿಯನ್ನು ಅರದಿಂದ ಉಜ್ಜಿ ಸರಿ ಮಾಡಿದ. ಬಾಗಿಲು ಎಳೆದರೆ ಸಾಕು, ಟಕ್ ಅಂತ ತಾನೇ ಲಾಕ್ ಆಗುತ್ತದೆ. ಹೊರಗಿಂದ ತೆಗೆಯಲು ಕೀ ಬೇಕೇ ಬೇಕು.

ಓನರಿನ ಕೀಯನ್ನು ಅವರೆದುರೇ ಹಾಕಿ ತೆಗೆದು ತೋರಿಸಿ ಕೊಟ್ಟೆ. ಅವರು ಅದನ್ನು ಕವರಿಗೆ ಹಾಕಿ, ಅಂಟಿಸಿ, ಅಂಟಿನ ಮೇಲೆ ನನ್ನ ಸಹಿ, ನಮ್ಮಾಕೆಯ ಸಹಿ ಹಾಕಿಸಿಕೊಂಡರು. ಮೇಲೆ ಅರಗು ಬೇರೆ! ಸುಮ್ನೆ ಹೇಳಬಾರದು, ಕವರ್ ಒಡೆದರೆ ತಕ್ಷಣ ಗೊತ್ತಾಗುವ ಈ ಏರ್ಪಾಡು ನಮಗೆ ತುಂಬಾ ಹಿಡಿಸಿತು.

ಆಷಾಢ ಬಂತು. ನಮ್ಮಾಕೆ ತನ್ನ ಕೀ ಸಮೇತ ತವರಿಗೆ ಹೋದಳು. ಒಂದು ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರಲು ಬನಿಯನ್ನು, ಪಂಚೆಯಲ್ಲಿ ಗೇಟಿನವರೆಗೆ ಇಳಿದೆ. ಮೇಲೆ ಗಾಳಿ ಬೀಸಿತು. ಟಕ್.

ಒಳಗಡೆ ಮೊಬೈಲಿನ ಅಲಾರಂ ಹೊಡೆದುಕೊಳ್ಳುತ್ತಿತ್ತು. ನಾನು ಮಾತ್ರ ನಿಶ್ಚಿಂತೆಯಿಂದ ಕೆಳಗಿನ ಮನೆಯ ಬೆಲ್ ಮಾಡಿದೆ.

"ಸರ್, ಆ ಕವರ್ ಕೊಡ್ತೀರಾ?"

"ಕವರ್ ಇಲ್ಲಿಲ್ವಲ್ರೀ. ಮಲ್ಲೇಶ್ವರದಲ್ಲಿ ನನ್ನ ಬಾಮೈದನ ಮನೇಲಿದೆ."

"ಅಲ್ಲಿ ಯಾಕೆ ಸರ್?"

ಅವರಿಗೆ ನಿಜಕ್ಕೂ ಆಶ್ಚರ್ಯ. "ಸ್ಟ್ರಾಂಗ್ ರೂಮಿನ ಡ್ಯೂಪ್ಲಿಕೇಟ್ ಕೀ ಯಾವತ್ತಾದ್ರೂ ಅದೇ ಬ್ರಾಂಚಲ್ಲಿ ಇಡ್ತಾರೇನ್ರೀ? ಬೇರೆ ಬ್ರಾಂಚಿಗೇ ಕಳಿಸಬೇಕು. ಇಲ್ಲೇ ಬೆಂಕಿ ಬಿದ್ರೆ?"

ಬೆಂಕಿ ಬಿದ್ದರೆ ತೇಗದ ಬಾಗಿಲೇ ಇರುವುದಿಲ್ಲ, ಕೀ ಇಟ್ಟುಕೊಂಡು ಏನು ಮಾಡುವುದು? ಕೇಳಲಿಲ್ಲ. ಪಂಚೆಯಲ್ಲಿ ನಿಂತವನು ವಾದಕ್ಕಿಳಿಯಬಾರದು. ಅವರ ಮನೆಯವರು ಕಾಫಿ ಕೊಟ್ಟರು, ನನ್ನ ಹಾಲಿನ ಪ್ಯಾಕೆಟ್ಟನ್ನು ಫ್ರಿಜ್ಜಿನಲ್ಲಿಟ್ಟರು. ಓನರಿನ ಅಂಗಿ ಮೊಣಕಾಲಿನವರೆಗೆ ಬರುತ್ತಿತ್ತು.

ಬಾಮೈದ ಸ್ನಾನ, ಪೂಜೆ, ತಿಂಡಿ ಮುಗಿಸಿ ಸಂಪಿಗೆ ರಸ್ತೆಯಲ್ಲಿ ಮೆಟ್ರೋ ಹತ್ತಿ, ನ್ಯಾಷನಲ್ ಕಾಲೇಜಿನಲ್ಲಿ ಇಳಿದು ಬಂದರು. ಓನರ್ ಕವರನ್ನು ಬೆಳಕಿಗೆ ಹಿಡಿದು ಅರಗು ನೋಡಿದರು. ಸಹಿ ನೋಡಿದರು. ಆಮೇಲೆ ಕತ್ತರಿಸಲು ಹೋದವರು ಗಕ್ಕನೆ ನಿಂತರು.

"ಎರಡು ಸಹಿ ಇದೆ. ನಿಮ್ಮ ಮನೆಯವರೂ ಇರಬೇಕಿತ್ತು, ಅಲ್ವಾ?"

ನಮ್ಮಾಕೆಗೆ ಅವರ ಫೋನಿನಿಂದಲೇ ವಿಡಿಯೋ ಕಾಲ್ ಮಾಡಿದೆವು. ಅಂಗಿಯ ಬಗ್ಗೆ ನಗು ಮುಗಿಸಿ ಆಕೆ ಅನುಮತಿ ಕೊಟ್ಟಳು. ಬಾಗಿಲು ತೆರೆಯಿತು. ಅದೇ ಜಗಲಿಯಲ್ಲಿ ಹೊಸ ಕವರು, ಹೊಸ ಅರಗು, ಹೊಸ ತಾರೀಕು. ಬಾಮೈದ ಅದನ್ನು ಜೇಬಿಗಿಳಿಸಿ ಮಲ್ಲೇಶ್ವರಕ್ಕೆ ಹೊರಟರು.

"ಇನ್ನೊಂದು ವಿಷಯ" ಅಂದರು ಓನರ್. "ಆಗಾಗ ಒರಿಜಿನಲ್, ಡ್ಯೂಪ್ಲಿಕೇಟ್ ಅದಲುಬದಲು ಮಾಡ್ಬೇಕು. ಬ್ಯಾಂಕಲ್ಲಿ ಹಾಗೇ ಮಾಡೋದು. ಮುಂದಿನ ಸಲ ನೀವೇ ಮಲ್ಲೇಶ್ವರಕ್ಕೆ ಬಂದ್ಬಿಡಿ."